ತಿಂಗಳ ಕೊನೆಯ ಸಿಟ್ಟಾ, ಮುಟ್ಟಿನ ಮುಂಚಿನ ಸಿಟ್ಟಾ?

ಇದು ನನ್ನದೇ ಕೇಸು. ವಯಸ್ಸು 37. ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ, ಕೆಲಸ ಪೇಟೆಯ ಒಂದು ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆಯುವುದು. ಮನೆಯಲ್ಲಿ ಗಂಡ, ಎಂಟು ವರ್ಷದ ಮಗಳು, ಅತ್ತೆ. ಸಮಸ್ಯೆ ಏನು ಅಂತ ಒಂದೇ ಸಾಲಿನಲ್ಲಿ ಹೇಳುವುದಾದರೆ, ತಿಂಗಳಲ್ಲಿ ಒಂದು ವಾರ ನಾನು ನಾನಾಗಿ ಇರುತ್ತಿರಲಿಲ್ಲ.

ಆ ವಾರದಲ್ಲಿ ಎರಡು ಸಂಗತಿ ನಡೆಯುತ್ತಿದ್ದವು. ಒಂದು ಸಿಟ್ಟು. ಕಾರಣ ಇರುತ್ತಿತ್ತು, ಆದರೆ ಕಾರಣಕ್ಕೂ ಸಿಟ್ಟಿಗೂ ತಾಳೆಯೇ ಇರುತ್ತಿರಲಿಲ್ಲ. ಇನ್ನೊಂದು ಗಾಬರಿ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಿತ್ತು, ಎದೆ ಡವಡವ. ಎದ್ದು ಹೋಗಿ ಗ್ಯಾಸ್ ರೆಗ್ಯುಲೇಟರ್ ಮುಟ್ಟಿ ನೋಡುತ್ತಿದ್ದೆ. ಬಂದ್ ಇದೆ. ಬಂದು ಮಲಗುತ್ತಿದ್ದೆ. ಹತ್ತು ನಿಮಿಷಕ್ಕೆ ಮತ್ತೆ ಎದ್ದು ಹೋಗಿ ಮುಟ್ಟುತ್ತಿದ್ದೆ. ಬಂದ್ ಇದೆ ಅಂತ ಗೊತ್ತಿದ್ದೇ ಮುಟ್ಟುತ್ತಿದ್ದೆ.

ಇದಕ್ಕೆ ನಾನು ಕಂಡುಕೊಂಡಿದ್ದ ಕಾರಣ ತಿಂಗಳ ಕೊನೆಯ ಕೆಲಸ. ಸೊಸೈಟಿಯಲ್ಲಿ ತಿಂಗಳ ಕೊನೆಗೆ ಲೆಕ್ಕ ತಾಳೆ ಹಾಕಬೇಕು, ಹತ್ತು ರೂಪಾಯಿ ಹೆಚ್ಚುಕಮ್ಮಿ ಬಂದರೂ ರಾತ್ರಿ ಎಂಟರವರೆಗೆ ಕೂರಬೇಕು. ಸಿಟ್ಟು ಬರದೆ ಇನ್ನೇನು ಬರುತ್ತದೆ, ಅಲ್ವಾ? ಗಂಡನೂ ಇದನ್ನೇ ನಂಬಿದ್ದರು. "ತಿಂಗಳ ಕೊನೆ ಬಂತು, ಹುಷಾರು" ಅಂತ ಮಗಳಿಗೆ ಕಣ್ಣು ಮಿಟುಕಿಸುತ್ತಿದ್ದರು. ಕೆಲವು ತಿಂಗಳು ಎರಡೂ ಒಟ್ಟಿಗೇ ಬಂದಿದ್ದವು, ಅದೇ ನೆನಪಿನಲ್ಲಿ ಉಳಿದಿತ್ತು. ಒಟ್ಟಿಗೆ ಬಾರದ ತಿಂಗಳುಗಳನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಏಪ್ರಿಲ್‌ನಲ್ಲಿ ಮೊದಲ ಸಲ ಡಾಕ್ಟರ ಹತ್ತಿರ ಹೋದೆ. ಹೆಸರು ಬೇಡ, ಅವರ ತಪ್ಪಿಗಿಂತ ನಾನು ಹೇಳಿದ ರೀತಿಯ ತಪ್ಪೇ ಜಾಸ್ತಿ. "ತುಂಬಾ ಸಿಟ್ಟು ಬರುತ್ತೆ, ಗಾಬರಿ ಆಗುತ್ತೆ, ನಿದ್ದೆ ಇಲ್ಲ" ಅಂದೆ. ಯಾವಾಗಿಂದ ಅಂತ ಕೇಳಿದರು. "ಸುಮಾರು ದಿನದಿಂದ." ಯಾವಾಗ ಜಾಸ್ತಿ? "ಯಾವಾಗಲೂ." ಆ ಎರಡನೇ ಉತ್ತರ ಸುಳ್ಳು, ಆದರೆ ಕುರ್ಚಿಯಲ್ಲಿ ಕೂತಾಗ ನನಗೆ ಅದೇ ನಿಜ ಅನ್ನಿಸಿತ್ತು. ಮುಟ್ಟಿಗೆ ಮುಂಚೆ ಸ್ವಲ್ಪ ಜಾಸ್ತಿ ಇರಬಹುದು ಅಂತ ಕೊನೆಗೆ ಸೇರಿಸಿದೆ. ಹಾರ್ಮೋನ್ ಟೆಸ್ಟ್ ಬರೆದರು. ರಿಪೋರ್ಟ್ ಬಂತು, ಎಲ್ಲಾ ನಾರ್ಮಲ್. ಕಬ್ಬಿಣದ ಮಾತ್ರೆ ಕೊಟ್ಟು, ಯೋಗ ಮಾಡಿ ಅಂದರು.

ಆ ರಿಪೋರ್ಟ್ ನೋಡಿ ನನಗೆ ಆದದ್ದು ಸಮಾಧಾನ ಅಲ್ಲ, ಅವಮಾನ. ಟೆಸ್ಟ್‌ನಲ್ಲಿ ಏನೂ ಇಲ್ಲ ಅಂದ ಮೇಲೆ ಇದು ನನ್ನ ಗುಣವೇ ಇರಬೇಕು ಅನ್ನಿಸಿತು. ಈ ಟೆಸ್ಟ್ ಯಾಕೆ ಏನೂ ಹೇಳುವುದಿಲ್ಲ ಅಂತ ಆಮೇಲೆ ತಿಳಿಯಿತು. ಅಂಡಾಣು ಬಿಡುಗಡೆ ಆದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ, ಮುಟ್ಟಿಗೆ ಮುಂಚೆ ಇಳಿಯುತ್ತದೆ. ಈ ಏರಿಳಿತ ಎಲ್ಲರಲ್ಲೂ ಇದೆ, ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಇರುವುದು ಮಿದುಳು ಅದಕ್ಕೆ ಸ್ಪಂದಿಸುವ ರೀತಿಯಲ್ಲಿ. 1998ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಔಷಧಿ ಕೊಟ್ಟು ಅಂಡಾಶಯದ ಹಾರ್ಮೋನುಗಳನ್ನು ನಿಲ್ಲಿಸಿದರು, ಆಮೇಲೆ ಅವನ್ನೇ ಹೊರಗಿನಿಂದ ವಾಪಸ್ ಕೊಟ್ಟರು. ಮೊದಲೇ ಈ ತೊಂದರೆ ಇದ್ದ ಹೆಂಗಸರಲ್ಲಿ ಲಕ್ಷಣಗಳು ಮರಳಿದವು. ತೊಂದರೆ ಇಲ್ಲದವರಿಗೆ ಅದೇ ಹಾರ್ಮೋನ್ ಕೊಟ್ಟರೂ ಏನೂ ಆಗಲಿಲ್ಲ. ಹಾಗಾಗಿ ರಕ್ತದಲ್ಲಿ ಹಾರ್ಮೋನ್ ಎಷ್ಟಿದೆ ಅಂತ ಅಳೆದರೆ ಇದು ಸಿಗುವುದಿಲ್ಲ. ಪ್ರತಿದಿನ ಬರೆದಿಟ್ಟ ಪಟ್ಟಿಯಲ್ಲಿ ಮಾತ್ರ ಸಿಗುತ್ತದೆ.

ಪಟ್ಟಿ ಬರೆಯಲು ಹೇಳಿದ್ದು ನನ್ನ ಚಿಕ್ಕಮ್ಮನ ಮಗಳು. ಹುಬ್ಬಳ್ಳಿಯಲ್ಲಿ ನರ್ಸ್. "ಅಕ್ಕಾ, ಎರಡು ಸೈಕಲ್ ಬರೆದುಕೊಂಡು ಹೋಗು. ಬರೀ ಬಾಯಲ್ಲಿ ಹೇಳಿದ್ರೆ ಆಗಲ್ಲ" ಅಂದಳು. ಸುಮ್ನೆ ಹೇಳಿದ ಮಾತಲ್ಲ ಅದು. ಮುಟ್ಟಿನ ಮುಂಚಿನ ತೀವ್ರ ತೊಂದರೆಯನ್ನು ಡಾಕ್ಟರುಗಳು ಪಿಎಮ್‌ಡಿಡಿ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದನ್ನು ಒಂದು ಪೂರ್ಣ ಕಾಯಿಲೆ ಅಂತ ಸೇರಿಸಿತು. ಅದನ್ನು ಖಚಿತ ಮಾಡಲು ಕನಿಷ್ಠ ಎರಡು ಸೈಕಲ್‌ಗಳ ದಿನದಿನದ ದಾಖಲೆ ಬೇಕು ಅಂತ ಅದರಲ್ಲೇ ಇದೆ.

ಮೇ ತಿಂಗಳ ನನ್ನ ಮೊದಲ ಪಟ್ಟಿ ಪೂರ್ತಿ ಹಾಳು. ಆದರೆ ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ಮೇ 12ರಿಂದ 18ರವರೆಗೆ ಸಿಟ್ಟಿನ ಸಾಲಿನಲ್ಲಿ 4, 4, 4, 4, 4, 4, 4 ಅಂತ ಇದೆ. ಒಂದೇ ನೀಲಿ ಪೆನ್ನು, ಒಂದೇ ಓರೆ. ಭಾನುವಾರ ರಾತ್ರಿ ಕೂತು ಇಡೀ ವಾರದ್ದು ಒಟ್ಟಿಗೆ ತುಂಬಿದ್ದು. ಅವತ್ತು ಸಂಜೆ ಗಂಡನ ಜೊತೆ ಮಾತಿಗೆ ಮಾತು ಬೆಳೆದಿತ್ತು. ಹಿಂದಿನ ಆರು ದಿನವೂ ಹಾಗೇ ಇತ್ತು ಅಂತ ಮನಸ್ಸು ಹೇಳಿತು, ಕೈ ಬರೆಯಿತು. ಮುಟ್ಟು ಬಂದದ್ದು ಮೇ 8ಕ್ಕೆ. ಅಂದರೆ ಈ ವಾರ ಮುಟ್ಟಿನ ಐದನೇ ದಿನದಿಂದ ಹನ್ನೊಂದನೇ ದಿನ, ತಿಂಗಳಲ್ಲಿ ನಾನು ಅತ್ಯಂತ ಸಲೀಸಾಗಿರುವ ವಾರ. ಈ ಪಟ್ಟಿ ಕೊಂಡುಹೋಗಿದ್ದರೆ ಡಾಕ್ಟರು "ಇದು ತಿಂಗಳಿಡೀ ಇದೆ" ಅನ್ನುತ್ತಿದ್ದರು. ನನ್ನ ಪಟ್ಟಿಯೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ಇನ್ನೊಂದು ತಪ್ಪು ಫೋನಿನದು. ಆಪ್ ಹಾಕಿಕೊಂಡಿದ್ದೆ. ಅದು "ಇನ್ನು ಐದು ದಿನ ಇದೆ, ಮೂಡ್ ಬದಲಾಗಬಹುದು" ಅಂತ ಬೆಳಿಗ್ಗೆಯೇ ಹೇಳುತ್ತಿತ್ತು. ಅದನ್ನು ಓದಿದ ದಿನ ಸಣ್ಣ ಕಿರಿಕಿರಿಗೂ 4 ಹಾಕುತ್ತಿದ್ದೆ. ಆಪ್‌ನಲ್ಲಿ ಬರೆಯುವುದು ತಪ್ಪಲ್ಲ. ಆದರೆ ಆ ಸೂಚನೆ ಬಂದ್ ಮಾಡಿಡಬೇಕು. ನಾನು ಪುಸ್ತಕಕ್ಕೇ ವಾಪಸ್ ಬಂದೆ.

ಜೂನ್ 3ಕ್ಕೆ ಮುಟ್ಟಾಯಿತು, ಅವತ್ತೇ ಹೊಸದಾಗಿ ಶುರು ಮಾಡಿದೆ. ಮಗಳ ಒಂದು ಉಳಿದ ನೋಟ್‌ಬುಕ್, ದಿನಕ್ಕೊಂದು ಅಡ್ಡ ಸಾಲು. ಸಿಟ್ಟು, ಗಾಬರಿ, ಅಳು, ನಿದ್ದೆ, ಕೆಲಸಕ್ಕೆ ಅಡ್ಡಿ ಆಯಿತಾ, ಈ ಐದೇ ಮನೆ. ಅಂಕ 1ರಿಂದ 6. ಡಾಕ್ಟರುಗಳು ಬಳಸುವ ಡಿಆರ್‌ಎಸ್‌ಪಿ ಅನ್ನುವ ಪಟ್ಟಿಯಲ್ಲೂ ಇದೇ ಅಳತೆ. 1 ಅಂದರೆ ಇಲ್ಲವೇ ಇಲ್ಲ, 6 ಅಂದರೆ ವಿಪರೀತ. ಆದರೆ "ವಿಪರೀತ" ಅನ್ನುವುದು ಒಂದೊಂದು ದಿನ ಒಂದೊಂದು ಥರ ಕಾಣುತ್ತದೆ. ಅದಕ್ಕೆ ಪುಸ್ತಕದ ಹಿಂದಿನ ರಟ್ಟಿನ ಮೇಲೆ ನನ್ನ ಮನೆಯ ಅರ್ಥ ಬರೆದುಕೊಂಡೆ. ಸಿಟ್ಟು 3: ಮೋರೆ ಗಂಟು, ಚುಟುಕು ಉತ್ತರ. 4: ದನಿ ಏರಿತು. 5: ಕೂಗಿದೆ, ಆಮೇಲೆ ಕೈ ನಡುಗಿತು. 6: ಕೈಲಿದ್ದದ್ದು ಎಸೆದೆ. ಗಾಬರಿ 5 ಅಂದರೆ ರೆಗ್ಯುಲೇಟರ್‌ಗೆ ಎರಡಕ್ಕಿಂತ ಜಾಸ್ತಿ ಸಲ ಎದ್ದು ಹೋದದ್ದು.

ಬರೆಯುವ ಹೊತ್ತು ರಾತ್ರಿ, ಪಾತ್ರೆ ತೊಳೆದಾದ ಮೇಲೆ. ಹಿಂದಿನ ಸಾಲುಗಳ ಮೇಲೆ ಒಂದು ಹಳೇ ಮದುವೆ ಕಾಗದ ಮುಚ್ಚಿಟ್ಟು ಬರೆಯುತ್ತಿದ್ದೆ, ನಿನ್ನೆಯ ಅಂಕ ಕಂಡರೆ ಇವತ್ತಿನದು ಅದರ ಹಿಂದೆಯೇ ಓಡುತ್ತದೆ. ಮರೆತ ದಿನ ಖಾಲಿ ಬಿಟ್ಟೆ. ಎರಡು ಸೈಕಲ್‌ನಲ್ಲಿ ಮೂರು ದಿನ ಖಾಲಿ ಇದೆ. ಖಾಲಿ ಇದ್ದರೆ ನಷ್ಟ ಇಲ್ಲ, ಊಹೆ ಮಾಡಿ ತುಂಬಿದರೆ ನಷ್ಟ.

ಜೂನ್ 26ರ ಸಾಲಿನಲ್ಲಿ 6 ಇದೆ. ಅವತ್ತು ಊಟಕ್ಕೆ ಕೂತಾಗ ಗಂಡ "ಸಾರಿಗೆ ಉಪ್ಪು ಹಾಕಿದ್ಯಾ?" ಅಂತ ಕೇಳಿದರು. ಅಷ್ಟೇ. ಕೈಲಿದ್ದ ಸೌಟು ಸಿಂಕಿಗೆ ಬಿತ್ತು, ಬಿತ್ತು ಏನು, ಎಸೆದೆ. ಮಗಳು ಏನೂ ಮಾತಾಡಲಿಲ್ಲ. ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಸಾರು ಚೆಲ್ಲದ ಹಾಗೆ ನಿಧಾನ ನಡೆದು, ಅಜ್ಜಿಯ ಕೋಣೆಗೆ ಹೋಗಿ ಕೂತಳು. ಅಷ್ಟು ಸಲೀಸಾಗಿ ಹೋದದ್ದು ನೋಡಿದರೆ ಅವಳಿಗೆ ಇದು ಹೊಸದಲ್ಲ ಅಂತ ಗೊತ್ತಾಗುತ್ತಿತ್ತು. "ಕೆಲಸಕ್ಕೆ ಅಡ್ಡಿ" ಮನೆಯಲ್ಲಿ ಅಂಕದ ಪಕ್ಕ "ತಟ್ಟೆ" ಅಂತ ಮಾತ್ರ ಬರೆದೆ.

ಜೂನ್ 29ಕ್ಕೆ ಮುಟ್ಟಾಯಿತು. ಮಾರನೇ ದಿನ ಸಂಜೆ ಹೊತ್ತಿಗೆ ತಲೆಯೊಳಗಿನ ಗದ್ದಲ ನಿಂತಿತು. ಹಂಚಿನ ಮೇಲೆ ಹುಯ್ಯುತ್ತಿದ್ದ ಮಳೆ ಒಮ್ಮೆಲೇ ಬಿಟ್ಟರೆ ಮನೆ ಎಷ್ಟು ಸಣ್ಣ ಸದ್ದಿನದು ಅಂತ ಗೊತ್ತಾಗುತ್ತದಲ್ಲ, ಹಾಗೆ. ಇದು ಪ್ರತಿ ತಿಂಗಳೂ ಆಗುತ್ತಿತ್ತು. ಪ್ರತಿ ತಿಂಗಳೂ ನಾನು ಅದನ್ನು "ಲೆಕ್ಕ ಮುಗೀತು, ಅದಕ್ಕೆ" ಅಂದುಕೊಂಡಿದ್ದೆ.

ದಿನ ಎಣಿಸುವ ರೀತಿಯಲ್ಲಿ ಒಂದು ಸೂಕ್ಷ್ಮ ಇದೆ. ಮುಟ್ಟಾದ ಮೊದಲ ದಿನದಿಂದ ಮುಂದಕ್ಕೆ ಎಣಿಸಿದರೆ ಕೆಟ್ಟ ದಿನಗಳು ಒಂದೊಂದು ತಿಂಗಳು ಒಂದೊಂದು ಕಡೆ ಬೀಳುತ್ತವೆ. 26 ದಿನದ ಸೈಕಲ್‌ನಲ್ಲಿ ಕೊನೆಯ ವಾರ 20ನೇ ದಿನಕ್ಕೆ ಶುರು, 31 ದಿನದ್ದಾದರೆ 25ಕ್ಕೆ. ಏರುಪೇರಾಗುವುದು ಹೆಚ್ಚಾಗಿ ಅಂಡಾಣು ಬಿಡುವ ಮುಂಚಿನ ಭಾಗ. ಆಮೇಲಿನದು ಸುಮಾರು ಎರಡು ವಾರ. ಹಾಗಾಗಿ ಮುಂದಿನ ಮುಟ್ಟು ಬಂದ ಮೇಲೆ, ಅಲ್ಲಿಂದ ಹಿಂದಕ್ಕೆ ಏಳು ದಿನ ಎಣಿಸಬೇಕು. ಅದರ ಎದುರಿಗೆ ಇಟ್ಟು ನೋಡಬೇಕಾದ್ದು ಮುಟ್ಟಿನ ನಾಲ್ಕನೇ ದಿನದಿಂದ ಹತ್ತನೇ ದಿನ. ಎರಡು ಏಳು ದಿನ, ಅಷ್ಟೇ ಲೆಕ್ಕ. ಲೆಕ್ಕ ಬರೆಯುವವಳಿಗೆ ಇದೇನು ಕಷ್ಟ ಅಲ್ಲ.

ಜೂನ್ ಸೈಕಲ್‌ನ ಸಿಟ್ಟು: ನಾಲ್ಕರಿಂದ ಹತ್ತನೇ ದಿನದವರೆಗೆ 1, 1, 2, 1, 1, 1, 1. ಸರಾಸರಿ 1.1. ಮುಟ್ಟಿಗೆ ಮುಂಚಿನ ಏಳು ದಿನ 3, 4, 4, 5, 6, 5, 5. ಸರಾಸರಿ 4.6. ಮುಂದಿನ ಸೈಕಲ್‌ನಲ್ಲಿ ಸಲೀಸು ವಾರದ ಸರಾಸರಿ ಮತ್ತೆ 1.1, ಕೆಟ್ಟ ವಾರದ್ದು 4.1.

ಇನ್ನು ತಿಂಗಳ ಕೊನೆಯ ಪ್ರಶ್ನೆ. ನನ್ನ ಸೈಕಲ್ 26 ದಿನ, ತಿಂಗಳು 30 ಅಥವಾ 31. ಹಾಗಾಗಿ ಮುಟ್ಟು ಪ್ರತಿ ಸಲ ಕ್ಯಾಲೆಂಡರ್‌ನಲ್ಲಿ ನಾಲ್ಕೈದು ದಿನ ಹಿಂದೆ ಸರಿಯುತ್ತದೆ. ಮೇ ಕೊನೆಯಲ್ಲಿ ಕೆಟ್ಟ ವಾರವೂ ಲೆಕ್ಕ ತಾಳೆ ಹಾಕುವ ದಿನಗಳೂ ಒಂದರ ಮೇಲೊಂದು ಬಿದ್ದಿದ್ದವು. ಎರಡರಲ್ಲಿ ಯಾವುದು ಕಾರಣ ಅಂತ ದೇವರಿಗೂ ಹೇಳಲು ಬರುತ್ತಿರಲಿಲ್ಲ. ಜುಲೈ ಹೊತ್ತಿಗೆ ಎರಡೂ ಬೇರೆಯಾದವು. ಕೆಟ್ಟ ವಾರ ಜುಲೈ 18ರಿಂದ 24. ಅದರಲ್ಲಿ ಒಂದು 6, ಎರಡು 5. ಆಫೀಸಿನಲ್ಲಿ ಆಗ ಹೇಳಿಕೊಳ್ಳುವ ಕೆಲಸವೇ ಇರಲಿಲ್ಲ. 25ಕ್ಕೆ ಮುಟ್ಟಾಯಿತು. ಲೆಕ್ಕದ ಗಲಾಟೆ 28ರಿಂದ 31, ಒಂದು ರಾತ್ರಿ ಎಂಟೂವರೆಗೆ ಮನೆಗೆ ಬಂದೆ. ಆ ನಾಲ್ಕು ದಿನದ ಸಿಟ್ಟು 1, 2, 1, 1. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಷ್ಟು ವರ್ಷ ತಿಂಗಳ ಕೊನೆಯನ್ನು ಸುಮ್ಮನೆ ಬೈದಿದ್ದೆ.

ಇಲ್ಲಿ ಅತ್ತೆಯ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಹೊರಗೆ ಕೂರುವ ಪದ್ಧತಿ ಈಗ ಇಲ್ಲ. ಆದರೆ ದೇವರ ನೈವೇದ್ಯ ಯಾರು ಮಾಡಬೇಕು ಅಂತ ತಿಳಿಯಲು ಅತ್ತೆ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ನನ್ನ ಡೇಟಿಗೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡುತ್ತಾರೆ. ಈ ಚುಕ್ಕೆ ಕಂಡರೆ ನನಗೆ ಮೈ ಉರಿಯುತ್ತಿತ್ತು. ಹಳೇ ಕ್ಯಾಲೆಂಡರ್‌ಗಳನ್ನು ಅವರು ಬಿಸಾಡುವುದಿಲ್ಲ, ಡಬ್ಬಿಗಳ ಕೆಳಗೆ ಹಾಸುತ್ತಾರೆ. ಅವನ್ನೆಲ್ಲ ಎಳೆದು ಎರಡು ವರ್ಷದ ಚುಕ್ಕೆ ಎಣಿಸಿದೆ. 25ರಿಂದ 27 ದಿನ, ತಪ್ಪೇ ಇಲ್ಲ. ಡಾಕ್ಟರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅವಲಕ್ಕಿ ಡಬ್ಬಿಯ ಕೆಳಗಿತ್ತು.

ಪಟ್ಟಿಯಲ್ಲಿ ನಾನು ನಿರೀಕ್ಷಿಸದ ಒಂದು ಸಂಗತಿಯೂ ಇತ್ತು. ಗಾಬರಿಯ ಸಾಲು ಸಿಟ್ಟಿನ ಹಾಗೆ ನಡೆದುಕೊಳ್ಳಲಿಲ್ಲ. ಜೂನ್‌ನ ಕೆಟ್ಟ ವಾರದಲ್ಲಿ ಅದರ ಸರಾಸರಿ 4.3. ಸರಿ. ಆದರೆ ಸಲೀಸು ವಾರದಲ್ಲೂ 2, 3, 2, 2, 3, 2, 2 ಇತ್ತು, ಅಂದರೆ 2.3. ಸಿಟ್ಟು ಪೂರ್ತಿ ಹೋಗಿ ಬರುತ್ತಿತ್ತು. ಗಾಬರಿ ಹೋಗುತ್ತಲೇ ಇರಲಿಲ್ಲ, ತಗ್ಗಿ ಕೂತಿದ್ದು ಮತ್ತೆ ಏಳುತ್ತಿತ್ತು. ಡಾಕ್ಟರಿಗೆ ಇದು ದೊಡ್ಡ ವ್ಯತ್ಯಾಸ. ಮುಟ್ಟಿಗೆ ಮುಂಚೆ ಬಂದು ಆಮೇಲೆ ಇಲ್ಲವಾಗುವುದು ಒಂದು. ತಿಂಗಳಿಡೀ ಇರುವ ಆತಂಕ ಆ ವಾರದಲ್ಲಿ ಉಲ್ಬಣ ಆಗುವುದು ಇನ್ನೊಂದು. ಇದು ತಿಳಿಯಬೇಕಾದರೆ ಕೆಟ್ಟ ದಿನದ ಅಂಕ ನೋಡಿ ಪ್ರಯೋಜನ ಇಲ್ಲ, ಎರಡರಲ್ಲೂ ಅದು ಜೋರೇ. ನೋಡಬೇಕಾದ್ದು ಒಳ್ಳೆಯ ವಾರದ ಅಂಕ. ಎಷ್ಟೋ ಜನ ಕೆಟ್ಟ ದಿನ ಮಾತ್ರ ಬರೆದು ಒಳ್ಳೆಯ ದಿನ ಪುಸ್ತಕವನ್ನೇ ಮುಟ್ಟುವುದಿಲ್ಲ. ಅಂಥ ಪಟ್ಟಿಯಿಂದ ಅರ್ಧ ಉತ್ತರವೂ ಸಿಗುವುದಿಲ್ಲ.

ಆಗಸ್ಟ್ 2ಕ್ಕೆ ಸ್ತ್ರೀರೋಗ ತಜ್ಞೆಯೊಬ್ಬರ ಅಪಾಯಿಂಟ್‌ಮೆಂಟ್ ಸಿಕ್ಕಿತು. ಮುಟ್ಟಿನ ಒಂಬತ್ತನೇ ದಿನ. ಬೆಳಿಗ್ಗೆ ಎದ್ದಾಗ ಎಲ್ಲಾ ಸರಿಯಿತ್ತು, ಹೋಗುವುದೇ ಬೇಡ ಅನ್ನಿಸಿತು. ಇಂಥ ಬೆಳಿಗ್ಗೆಗಳಲ್ಲೇ ನಾನು ಹಿಂದೆ ಎರಡು ಸಲ ಕ್ಯಾನ್ಸಲ್ ಮಾಡಿದ್ದು. ಕೆಟ್ಟ ವಾರದಲ್ಲಿ ಮನೆಯಿಂದ ಹೊರಡುವ ತ್ರಾಣ ಇರುವುದಿಲ್ಲ, ಒಳ್ಳೆಯ ವಾರದಲ್ಲಿ ನಾನೇ ಉತ್ಪ್ರೇಕ್ಷೆ ಮಾಡಿದೆ ಅನ್ನಿಸುತ್ತದೆ. ಅವತ್ತು ಜೂನ್ 26ರ ಸಾಲು ತೆಗೆದು "ತಟ್ಟೆ" ಅನ್ನುವುದನ್ನು ಓದಿ, ಬಸ್ ಹತ್ತಿದೆ.

ಇಡೀ ಪುಸ್ತಕ ಅವರ ಮುಂದೆ ಇಡಲಿಲ್ಲ, ಹೊರಗೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಒಂದೇ ಹಾಳೆಯಲ್ಲಿ ಎರಡು ಗೆರೆ ಬಿಡಿಸಿದ್ದೆ, ಸಿಟ್ಟಿಗೆ ಕೆಂಪು, ಗಾಬರಿಗೆ ನೀಲಿ. ಮುಟ್ಟಾದ ದಿನಗಳಿಗೆ ಉದ್ದ ಗೀಟು. ಹೇಳಬೇಕಾದ್ದನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದೆ.

"ಡಾಕ್ಟ್ರೇ, ಮುಟ್ಟಿಗೆ ಏಳು ದಿನ ಮುಂಚೆ ಸಿಟ್ಟು ಶುರುವಾಗುತ್ತೆ. ಮುಟ್ಟಾದ ಎರಡನೇ ದಿನ ಹೋಗುತ್ತೆ. ಆಮೇಲೆ ಎರಡು ವಾರ ಏನೂ ಇರಲ್ಲ. ಗಾಬರಿ ಮಾತ್ರ ಸ್ವಲ್ಪ ಯಾವಾಗಲೂ ಇರುತ್ತೆ, ಆ ವಾರ ಜಾಸ್ತಿ ಆಗುತ್ತೆ. ಎರಡು ಸೈಕಲ್ ದಿನಾ ಬರೆದಿದೀನಿ. ನನ್ನ ಮಗಳು ನನಗೆ ಹೆದರಿ ತಟ್ಟೆ ಎತ್ತಿಕೊಂಡು ಹೋಗ್ತಾಳೆ."

ಅವರು ಹಾಳೆ ತಿರುಗಿಸಿಕೊಂಡು ನೋಡಿದರು. ಕೆಂಪು ಗೆರೆಯ ತಗ್ಗಿನ ಮೇಲೆ ಪೆನ್ನು ಇಟ್ಟು, "ಇಲ್ಲಿ ನಿಜವಾಗಲೂ ಒಂದೇನಾ? ಅಥವಾ ಬರೆಯೋಕೆ ಬೇಜಾರಾಗಿ ಒಂದು ಹಾಕಿದ್ರಾ?" ಅಂದರು. ಅವರೂ ಮೊದಲು ನೋಡಿದ್ದು ಒಳ್ಳೆಯ ವಾರವನ್ನೇ.

ಆಮೇಲೆ ಪ್ರಶ್ನೆಗಳು. ಥೈರಾಯ್ಡ್ ನೋಡಿಸಿದ್ದೀರಾ? ಬೇರೆ ಮಾತ್ರೆ ಏನಾದರೂ? ನಿದ್ದೆಯೇ ಬೇಡ ಅನ್ನುವಷ್ಟು ಹುರುಪಿನ ದಿನಗಳು ಯಾವಾಗಲಾದರೂ ಬಂದಿದ್ದವಾ? ಕೊನೆಗೆ, ದನಿ ಬದಲಿಸದೆಯೇ, "ಆ ವಾರದಲ್ಲಿ ಸಾಯಬೇಕು ಅನ್ಸಿದೆಯಾ?" ಎಲ್ಲಾ ಬಿಟ್ಟು ಎಲ್ಲಾದರೂ ಹೋಗಬೇಕು ಅನ್ನಿಸಿದೆ, ಸಾಯಬೇಕು ಅಂತಲ್ಲ ಅಂದೆ. "ಅದು ಬದಲಾದ್ರೆ ಅಪಾಯಿಂಟ್‌ಮೆಂಟ್ ಕಾಯಬೇಡಿ" ಅಂತ ಹೇಳಿ, ಚೀಟಿಯ ಮೂಲೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟರು. ಈ ಕಾಯಿಲೆಯಲ್ಲಿ ಆ ಯೋಚನೆ ಬರುವವರು ಇದ್ದಾರೆ, ಅದೂ ಆ ಒಂದು ವಾರದಲ್ಲೇ. ಕೇಳದಿದ್ದರೆ ನಾವಾಗಿ ಹೇಳುವುದಿಲ್ಲ.

ಔಷಧಿಯ ಮಾತು ಬಂತು. ಒಂದು ದಾರಿ, ಅಂಡಾಣು ಬಿಡುವುದನ್ನೇ ತಡೆಯುವ ಗರ್ಭನಿರೋಧಕ ಮಾತ್ರೆ. ನನಗೆ ಕಣ್ಣ ಮುಂದೆ ಮಿಂಚು ಕಾಣುವ ಮೈಗ್ರೇನ್ ಇದೆ, ಅಂಥವರಿಗೆ ಈಸ್ಟ್ರೊಜೆನ್ ಇರುವ ಮಾತ್ರೆಯಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಅದು ಬಿಟ್ಟುಹೋಯಿತು. ಇನ್ನೊಂದು ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ. ಖಿನ್ನತೆಗೆ ಕೊಟ್ಟಾಗ ಅದರ ಗುಣ ಕಾಣಲು ಕೆಲವು ವಾರ ಬೇಕು. ಮುಟ್ಟಿನ ಮುಂಚಿನ ಸಿಟ್ಟಿಗೆ ಕೊಟ್ಟಾಗ ಕೆಲವೇ ದಿನದಲ್ಲಿ ಕಾಣಬಹುದು. ಅದಕ್ಕೇ ಕೆಲವರಿಗೆ ಸೈಕಲ್‌ನ ಕೊನೆಯ ಎರಡು ವಾರ ಮಾತ್ರ ಕೊಡುತ್ತಾರೆ. ನನಗೆ ದಿನಾ ತೆಗೆದುಕೊಳ್ಳಲು ಹೇಳಿದರು. ಕಾರಣ ಆ ನೀಲಿ ಗೆರೆ. ಗಾಬರಿ ತಿಂಗಳಿಡೀ ಇರುವಾಗ ಅರ್ಧ ತಿಂಗಳ ಮಾತ್ರೆ ಅರ್ಧಕ್ಕೇ ನಿಲ್ಲುತ್ತದೆ ಅಂದರು. ಮನೋವೈದ್ಯರಿಗೂ ಒಂದು ಚೀಟಿ ಕೊಟ್ಟರು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಬರೆದರು, ಎರಡೂ ಸರಿಯಿದ್ದವು. ಹಾರ್ಮೋನ್ ಟೆಸ್ಟ್ ಮತ್ತೆ ಬರೆಯಲಿಲ್ಲ.

ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು, ಆಮೇಲೆ ಹೋಯಿತು. ಆಗಸ್ಟ್ 20ಕ್ಕೆ ಮುಟ್ಟಾಯಿತು. ಅದರ ಮುಂಚಿನ ಏಳು ದಿನದ ಸಿಟ್ಟು 2, 2, 3, 3, 3, 4, 2. ಸರಾಸರಿ 2.7. ಇಲ್ಲವಾಗಿಲ್ಲ. 18ಕ್ಕೆ ದನಿ ಏರಿತ್ತು, ಮಗಳು ಕೂತಲ್ಲೇ ಕೂತು ಊಟ ಮುಗಿಸಿದಳು. ಗಾಬರಿ 3.0. ಮಾತ್ರೆ ತಿನ್ನುತ್ತಿದ್ದೇನೆ ಅನ್ನುವ ನಂಬಿಕೆಯೂ ಈ ಅಂಕಗಳಲ್ಲಿ ಸೇರಿರಬಹುದು, ಒಂದು ಸೈಕಲ್ ನೋಡಿ ತೀರ್ಮಾನಕ್ಕೆ ಬರಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಈಗ ನಾನು ಕಾಯುತ್ತಿರುವುದು ನೀಲಿ ಗೆರೆಯ ತಗ್ಗಿಗೆ. ಆಗಸ್ಟ್ 23ರಿಂದ 29ರ ಸಲೀಸು ವಾರದಲ್ಲಿ ಗಾಬರಿ 2, 2, 2, 1, 2, 2, 2. ಒಂದೇ ಒಂದು 1. ಅವತ್ತು ರಾತ್ರಿ ಮೂರಕ್ಕೆ ಎಚ್ಚರವಾಗಿತ್ತು, ರೆಗ್ಯುಲೇಟರ್ ಹತ್ತಿರ ಹೋಗಲಿಲ್ಲ. ಸೆಪ್ಟೆಂಬರ್‌ನ ಹಾಳೆ ಹಿಡಿದು ಮನೋವೈದ್ಯರ ಹತ್ತಿರ ಹೋಗಬೇಕು. ಡೇಟ್ ಲೆಕ್ಕ ಹಾಕಿ, ಕೆಟ್ಟ ವಾರದ ನಡುವೆ ಬೀಳುವ ದಿನವನ್ನೇ ಕೇಳಿ ತೆಗೆದುಕೊಂಡಿದ್ದೇನೆ.